ತಳ ನೋಡಿ ತಳಿ ಹೇಳುವವರು

ಕುಡಿದು ಮುಗಿಸಿದ ನೀರಿನ ಬಾಟಲಿಯೊಂದನ್ನು ತಲೆಕೆಳಗು ಮಾಡಿ ಹಿಡಿಯಿರಿ. ತಳದಲ್ಲೋ ಅದರ ಆಸುಪಾಸಿನಲ್ಲೋ ಒಂದು ಪುಟ್ಟ ತ್ರಿಕೋನ, ಅದರೊಳಗೆ 1 ಎಂಬ ಅಂಕಿ, ಕೆಳಗೆ ‘ಪಿಇಟಿ’ ಎಂಬ ಅಕ್ಷರಗಳು ಕಾಣುತ್ತವೆ. ನಾವು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತೇವೆ. ಈಗ ಅಂಕಿಯನ್ನು ಬಿಟ್ಟು ತಳದ ನಟ್ಟನಡುವೆ ಬೆರಳಾಡಿಸಿ ನೋಡಿ. ಮೂರು ನಾಲ್ಕು ಮಿಲಿಮೀಟರ್ ಅಗಲದ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಒಣಕಸ ವಿಂಗಡಿಸುವುದರಲ್ಲಿ ಪಳಗಿದವರು ಅಂಕಿಗಿಂತ ಹೆಚ್ಚಾಗಿ ನೆಚ್ಚುವುದು ಈ ಉಬ್ಬನ್ನು. ಯಾಕೆ ಎಂಬುದು ತಿಳಿದರೆ ತ್ರಿಕೋನದೊಳಗಿನ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎರಡೂ ತಿಳಿಯುತ್ತವೆ.

ಮೊದಲು ಅಂಕಿಯ ಕಥೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಿಗಳ ಸಂಘ ಈ ಗುರುತುಗಳನ್ನು ಹೊರತಂದಿತು. ಉದ್ದೇಶ ಬಹಳ ಸೀಮಿತವಾದದ್ದು. ವಿಂಗಡಿಸುವ ಜಾಗದಲ್ಲಿ ಕೂತವರಿಗೆ ಕೈಯಲ್ಲಿರುವ ಡಬ್ಬಿ ಯಾವ ರಾಳದಿಂದ ಮಾಡಿದ್ದು ಎಂದು ಗೊತ್ತಾಗಬೇಕು, ಅಷ್ಟೆ. 1 ಎಂದರೆ ಪೆಟ್, 2 ಎಂದರೆ ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, ಇವು ಯಾವುದೂ ಅಲ್ಲದ್ದು ಅಥವಾ ಹಲವು ಬೆರೆತದ್ದು 7. ಎಡವಟ್ಟಾದದ್ದು ಅಂಕಿಯಿಂದಲ್ಲ, ಅದರ ಸುತ್ತ ಹಾಕಿದ ಚಿತ್ರದಿಂದ. ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಮರುಬಳಕೆಗಾಗಿಯೇ ಬರೆದಿದ್ದ. ಉದ್ಯಮಿಗಳು ಅದನ್ನೇ ಹೋಲುವ ಬಾಣಗಳ ನಡುವೆ ಅಂಕಿ ಕೂರಿಸಿದರು. ಹೀಗಾಗಿ ಬಾಣ ಇದ್ದದ್ದೆಲ್ಲ ಮರುಬಳಕೆಗೆ ಹೋಗುತ್ತದೆ ಎಂಬ ನಂಬಿಕೆ ಜಗತ್ತಿನ ತುಂಬ ಹರಡಿತು. ಈ ಗುರುತುಗಳ ಉಸ್ತುವಾರಿಯನ್ನು ಆಮೇಲೆ ವಹಿಸಿಕೊಂಡ ಎಎಸ್‌ಟಿಎಂ ಸಂಸ್ಥೆ 2013ರಲ್ಲಿ ಬಾಣಗಳನ್ನು ಕಿತ್ತು ಬರಿಯ ತ್ರಿಕೋನ ಇಟ್ಟಿತು. ಅಷ್ಟರಲ್ಲಿ ಇಪ್ಪತ್ತೈದು ವರ್ಷ ಕಳೆದಿತ್ತು, ಅಚ್ಚುಗಳೆಲ್ಲ ಬಾಣದವೇ ಆಗಿದ್ದವು. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೊ ಇದೇ ಏಳು ಅಂಕಿಗಳನ್ನು ಒಪ್ಪಿಕೊಂಡಿದೆ, ಬಾಣಗಳೂ ಜೊತೆಗೇ ಬಂದಿವೆ.

ಬೆಂಗಳೂರಿನ ಒಣಕಸ ಸಂಗ್ರಹಣಾ ಕೇಂದ್ರವೊಂದಕ್ಕೆ ಹೋದರೆ ಆ ಅಂಕಿಗಳನ್ನು ಓದುತ್ತ ಕೂತವರು ಯಾರೂ ಕಾಣುವುದಿಲ್ಲ. ವಾರ್ಡುಗಳಿಂದ ಬಂದ ಚೀಲಗಳನ್ನು ಸುರಿದ ರಾಶಿ, ಅದರ ಸುತ್ತ ಹೆಚ್ಚಾಗಿ ಹೆಂಗಸರು, ಪ್ರತಿಯೊಬ್ಬರ ಹಿಂದೆ ಬಾಯಿ ತೆರೆದ ಐದಾರು ಗೋಣಿಚೀಲ. ಕೈ ಒಂದು ವಸ್ತುವನ್ನು ಎತ್ತುತ್ತದೆ, ಹಿಸುಕುತ್ತದೆ, ತಿರುಗಿಸುತ್ತದೆ, ಎಸೆಯುತ್ತದೆ. ಎರಡು ಕ್ಷಣವೂ ಹಿಡಿಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ “ಅಕ್ಕಾ, ಇದ್ರಲ್ಲೂ ಒಂದನೇ ನಂಬರೇ ಐತಲ್ಲ?” ಎಂದು ಕೇಕಿನ ಪೆಟ್ಟಿಗೆಯನ್ನು ತೋರಿಸಿದರೆ “ನಂಬರ್ ಇದ್ರೆ ಏನಂತೆ, ತಳ ನೋಡಮ್ಮ” ಎಂಬ ಉತ್ತರ ಬರುತ್ತದೆ. ಆ ಉತ್ತರದೊಳಗೆ ಒಂದಿಡೀ ಕಾರ್ಖಾನೆಯ ವಿದ್ಯೆ ಅಡಗಿದೆ.

ನೀರಿನ ಬಾಟಲಿ ಹುಟ್ಟುವುದು ಎರಡು ಹಂತದಲ್ಲಿ. ಮೊದಲು ಕರಗಿದ ಪೆಟ್ ಅನ್ನು ಅಚ್ಚಿನೊಳಗೆ ಒತ್ತಿ, ಪ್ರಯೋಗಾಲಯದ ಗಾಜಿನ ಕೊಳವೆಯಂಥ ದಪ್ಪ ಗೋಡೆಯ ಮೊಳಕೆಯನ್ನು ಮಾಡುತ್ತಾರೆ. ಆ ಹಂತದಲ್ಲೇ ಮುಚ್ಚಳದ ಸುರುಳಿ ಮೂಡಿರುತ್ತದೆ. ಆಮೇಲೆ ಅದನ್ನು ಬಿಸಿಮಾಡಿ, ಒಳಗೊಂದು ಸರಳು ಇಳಿಸಿ ಉದ್ದಕ್ಕೆ ಎಳೆದು, ಜೋರಾಗಿ ಗಾಳಿ ಊದಿ ಬಾಟಲಿ ಮಾಡುತ್ತಾರೆ. ತಳದ ಉಬ್ಬು ಎಂದೆನಲ್ಲ, ಅದು ಕರಗಿದ ಪೆಟ್ ಅಚ್ಚಿನೊಳಗೆ ನುಗ್ಗಿದ ಬಾಗಿಲು. ಉಬ್ಬು ಇದ್ದು, ಮೈ ಪಾರದರ್ಶಕವಾಗಿದ್ದರೆ ಅದು ಊದಿದ ಪೆಟ್ ಬಾಟಲಿ ಎಂದು ಕಣ್ಣುಮುಚ್ಚಿ ಹೇಳಬಹುದು. ಕೇಕಿನ ಪೆಟ್ಟಿಗೆ, ಹಣ್ಣಿನ ತಟ್ಟೆ, ಮೊಟ್ಟೆಯ ಪಾರದರ್ಶಕ ಟ್ರೇ ಇವುಗಳಿಗೆ ಉಬ್ಬು ಇರುವುದಿಲ್ಲ. ಅವನ್ನು ಹಾಳೆಯನ್ನು ಬಿಸಿಮಾಡಿ ಅಚ್ಚಿನ ಮೇಲೆ ಎಳೆದು ಮಾಡಿರುತ್ತಾರೆ.

ರಾಳ ಒಂದೇ, ಅಂಕಿ ಒಂದೇ. ಆದರೂ ಬಾಟಲಿಯನ್ನು ಕಾದು ಕೊಳ್ಳುವ ವ್ಯಾಪಾರಿ ಟ್ರೇ ಕಂಡರೆ ಮುಖ ತಿರುಗಿಸುತ್ತಾನೆ. ಕಾರಣಗಳು ಗಟ್ಟಿಯಾಗಿಯೇ ಇವೆ. ಟ್ರೇಯ ಪೆಟ್ ಬೇಗ ಪುಡಿಯಾಗುತ್ತದೆ. ಅರೆಯುವ ಯಂತ್ರದಲ್ಲಿ ಬಾಟಲಿ ಚೊಕ್ಕ ಚೂರುಗಳಾದರೆ ಇದು ಹುಡಿಯಾಗಿ, ತೊಳೆಯುವ ನೀರಿನ ಜೊತೆಗೇ ಹೋಗಿಬಿಡುತ್ತದೆ. ಕೆಲವು ಟ್ರೇಗಳಿಗೆ ಮೇಲುಹೊದಿಕೆ ಅಂಟಿಸಲೆಂದು ಒಳಗೆ ಪಾಲಿಥೀನ್ ಪದರ ಬಳಿದಿರುತ್ತದೆ. ಕೆಲವು ಪೆಟ್‌ಜಿ ಎಂಬ ದಾಯಾದಿಯಿಂದ ಮಾಡಿದವು. ಅವು ಪೆಟ್‌ಗಿಂತ ಬಹಳ ಕಡಿಮೆ ಶಾಖಕ್ಕೆ ಮೆತ್ತಗಾಗಿ, ಚೂರುಗಳನ್ನು ಒಣಗಿಸುವ ಯಂತ್ರದೊಳಗೆ ಅಂಟಿಕೊಂಡು ಮುದ್ದೆ ಕಟ್ಟುತ್ತವೆ. ಇನ್ನು ಕೆಲವು ನೋಡಲು ಪೆಟ್‌ನಂತೆಯೇ ಇದ್ದರೂ ಪಿವಿಸಿ. ಭಯ ಹುಟ್ಟಿಸುವುದು ಈ ಕೊನೆಯದು.

ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಪಿವಿಸಿ ಅಷ್ಟು ತಡೆಯುವುದಿಲ್ಲ. 200 ಡಿಗ್ರಿ ಮುಟ್ಟುವ ಹೊತ್ತಿಗೇ ಅದು ಕಪ್ಪಾಗುತ್ತ, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡಲು ತೊಡಗಿರುತ್ತದೆ. ಆ ಆಮ್ಲ ಸುತ್ತಲಿನ ಪೆಟ್‌ನ ಉದ್ದುದ್ದ ಸರಪಳಿಗಳನ್ನು ತುಂಡರಿಸುತ್ತದೆ. ಉಳಿದ ಕಪ್ಪು ಕಣಗಳು ನೂಲು ತೆಗೆಯುವ ಜರಡಿಯ ಕಣ್ಣಿಗೆ ಸಿಕ್ಕಿಕೊಳ್ಳುತ್ತವೆ, ಇಲ್ಲವೇ ನೂಲಿನಲ್ಲೇ ಕೂತು ಎಳೆ ಕಡಿಯುತ್ತವೆ. ನಮ್ಮ ದೇಶದ ಹಳೆ ಬಾಟಲಿಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ನಾರಾಗುತ್ತದೆ; ದಿಂಬಿನೊಳಗಿನ ತುಂಬು, ಬಟ್ಟೆಯ ನೂಲು ಎಲ್ಲ ಅದರಿಂದ. ನೂಲಿನಲ್ಲಿ ಗಂಟು ಬಂತು ಎಂದರೆ ಕಾರ್ಖಾನೆಯವರು ಲೋಡನ್ನೇ ಹಿಂದಕ್ಕೆ ಕಳಿಸುತ್ತಾರೆ.

ಎಷ್ಟು ಬೆರೆತರೆ ಕೆಟ್ಟಂತೆ? ಚೂರು ಕೊಳ್ಳುವವರು ಸಾಮಾನ್ಯವಾಗಿ ಹತ್ತು ಲಕ್ಷ ಭಾಗಕ್ಕೆ 50ರಿಂದ 100 ಭಾಗದೊಳಗೆ ಪಿವಿಸಿ ಇರಬೇಕೆಂದು ಪಟ್ಟು ಹಿಡಿಯುತ್ತಾರೆ. ಬಾಯಿಲೆಕ್ಕ ಹಾಕಿ ನೋಡೋಣ. ಒಂದು ಬಾಟಲಿ ಸುಮಾರು 20 ಗ್ರಾಂ ಎಂದಿಟ್ಟುಕೊಂಡರೆ ಒಂದು ಟನ್ನಿಗೆ 50,000 ಬಾಟಲಿ ಬೇಕು. ಹತ್ತು ಲಕ್ಷಕ್ಕೆ 100 ಎಂದರೆ ಒಂದು ಟನ್ನಿಗೆ 100 ಗ್ರಾಂ. ಕೆಲವು ಪಾನೀಯದ ಬಾಟಲಿಗಳ ಮೈತುಂಬ ಬಿಗಿಯಾಗಿ ಕೂತ ಬಣ್ಣದ ತೋಳಂಗಿ ಇರುತ್ತದಲ್ಲ, ಅದು ಪಿವಿಸಿಯದಾಗಿದ್ದು ತಲಾ ಮೂರು ಗ್ರಾಂ ತೂಗಿದರೆ, ಮೂವತ್ತಮೂರು ತೋಳಂಗಿಗೇ ಆ ಮಿತಿ ಮುಗಿಯಿತು. ಐವತ್ತು ಸಾವಿರ ಬಾಟಲಿಯಲ್ಲಿ ಮೂವತ್ತಮೂರನ್ನು ಕಣ್ತಪ್ಪಿ ಬಿಟ್ಟರೆ ಇಡೀ ಟನ್ನು ಕೆಟ್ಟ ಮಾಲು. ಬಾಟಲಿ ಕೈಗೆ ಬಂದ ಕೂಡಲೇ ವಿಂಗಡಿಸುವವರು ತೋಳಂಗಿಯನ್ನು ಉಗುರಿನಿಂದ ಸೀಳಿ ಕಿತ್ತೆಸೆಯುವುದು ಈ ಕಾರಣಕ್ಕೆ. ಅಂಕಿ ಮಾತ್ರ ನೋಡುವವರಿಗೆ ಅದು ಒಂದನೇ ನಂಬರಿನ ಬಾಟಲಿ, ಅಷ್ಟೆ.

ತೊಳೆಯುವ ಘಟಕದಲ್ಲಿ ಇದನ್ನು ಹಿಡಿಯುವ ಬಗೆ ಸೊಗಸಾಗಿದೆ. ಒಂದು ಬೊಗಸೆ ಚೂರನ್ನು ತೂಗಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, 220 ಡಿಗ್ರಿಯ ಆಸುಪಾಸಿನಲ್ಲಿ ಕಾದ ಒಲೆಯೊಳಗೆ ಅರ್ಧ ಗಂಟೆಯಷ್ಟು ಇಡುತ್ತಾರೆ. ಹೊರಗೆ ತೆಗೆದಾಗ ಪಾರದರ್ಶಕವಾಗಿದ್ದ ಪೆಟ್ ಚೂರುಗಳು ಹಾಲಿನಂತೆ ಬೆಳ್ಳಗಾಗಿರುತ್ತವೆ. ಪಿವಿಸಿ ಚೂರುಗಳು ಕಂದು ಬಣ್ಣಕ್ಕೋ ಕಪ್ಪಿಗೋ ತಿರುಗಿ ಎದ್ದು ಕಾಣುತ್ತವೆ. ಚಿಮಟದಿಂದ ಅವನ್ನು ಆರಿಸಿ ತೂಗಿದರೆ ಲೆಕ್ಕ ಮುಗಿಯಿತು. ಕಾಯಿಸುವ ಮೊದಲು ಎರಡೂ ಒಂದೇ ಥರ ಹೊಳೆಯುತ್ತಿದ್ದವು ಎಂಬುದನ್ನು ನೆನೆದರೆ, ಕೈಯಿಂದಲೇ ಅವನ್ನು ಬೇರೆ ಮಾಡುವವರ ಮೇಲಿನ ಗೌರವ ಹೆಚ್ಚುತ್ತದೆ. ಅವರ ಉಪಾಯ ಇನ್ನೂ ಸರಳ. ಮೈಯನ್ನು ಮಡಿಚಿ ಗಟ್ಟಿಯಾಗಿ ಒತ್ತುತ್ತಾರೆ. ಪಿವಿಸಿಯಾದರೆ ಮಡಿಕೆಯ ಗೆರೆ ಬೆಳ್ಳಗೆ ಮೂಡುತ್ತದೆ, ಪೆಟ್‌ನಲ್ಲಿ ಹಾಗೆ ಬಿಳುಚುವುದಿಲ್ಲ.

ಪಿವಿಸಿಯನ್ನು ನೀರಿನಲ್ಲಿ ಬೇರೆ ಮಾಡಬಾರದೇ ಎಂದು ಕೇಳಬಹುದು. ತೊಳೆಯುವ ಘಟಕದ ದೊಡ್ಡ ಬಲ ನೀರಿನ ತೊಟ್ಟಿಯೇ ಹೌದು. ಬಾಟಲಿಯ ಮುಚ್ಚಳ ಎಚ್‌ಡಿಪಿಇಯದೋ ಪಾಲಿಪ್ರೊಪಿಲೀನಿನದೋ ಆಗಿರುತ್ತದೆ; ಎರಡೂ ನೀರಿಗಿಂತ ಹಗುರ. ಪೆಟ್ ನೀರಿಗಿಂತ 1.38 ಪಟ್ಟು ಭಾರ. ಚೂರನ್ನೆಲ್ಲ ತೊಟ್ಟಿಗೆ ಸುರಿದರೆ ಮುಚ್ಚಳ ತೇಲುತ್ತದೆ, ಪೆಟ್ ಮುಳುಗುತ್ತದೆ, ಎರಡಕ್ಕೂ ಬೇರೆ ಬೇರೆ ಗಿರಾಕಿ ಸಿಗುತ್ತಾನೆ. ಆದರೆ ಪಿವಿಸಿಯ ಭಾರವೂ ಹೆಚ್ಚುಕಡಿಮೆ ಪೆಟ್‌ನಷ್ಟೇ. ಎರಡೂ ಜೊತೆಯಾಗಿ ತಳ ಸೇರುತ್ತವೆ. ನೀರು ಸೋಲುವ ಜಾಗದಲ್ಲಿ ಕೈಯೇ ಗೆಲ್ಲಬೇಕು, ಅದೂ ಅರೆಯುವ ಮುಂಚೆ.

ಇನ್ನು ಎರಡನೇ ನಂಬರು. ನನ್ನ ಮಟ್ಟಿಗೆ ಈ ಕಸುಬಿನ ಅತಿ ಚಂದದ ಭಾಗ ಇದೇ. ಐದು ಲೀಟರಿನ ಎಣ್ಣೆ ಕ್ಯಾನು, ಶಾಂಪೂ ಬಾಟಲಿ, ತರಕಾರಿ ಸಾಗಿಸುವ ಕ್ರೇಟು, ಬಣ್ಣದ ಬಕೆಟ್ಟು, ಮಾರ್ಕೆಟ್ಟಿನಲ್ಲಿ ಒಂದು ಕಾಲಕ್ಕೆ ಎಲ್ಲರ ಕೈಯಲ್ಲಿದ್ದ ಸರಸರ ಸದ್ದಿನ ತೆಳು ಕೈಚೀಲ, ಎಲ್ಲವೂ ಎಚ್‌ಡಿಪಿಇ ಆಗಿರಬಹುದು. ಎಲ್ಲಕ್ಕೂ ಅಂಕಿ 2. ಆದರೆ ಇವನ್ನು ಒಂದೇ ಚೀಲಕ್ಕೆ ತುಂಬಿ ಕೊಟ್ಟರೆ ವ್ಯಾಪಾರಿ ಕೆಳಗಿನ ದರ ಹೇಳುತ್ತಾನೆ. ಬೇರೆ ಮಾಡಿ ಕೊಟ್ಟರೆ ಕ್ಯಾನಿಗೊಂದು ದರ, ಬಕೆಟ್ಟಿಗೊಂದು ದರ.

ವ್ಯತ್ಯಾಸ ಇರುವುದು ಕರಗಿದ ಮೇಲೆ ಅದು ಹರಿಯುವ ರೀತಿಯಲ್ಲಿ. ಎಣ್ಣೆ ಕ್ಯಾನು ಮಾಡುವಾಗ ಕರಗಿದ ಎಚ್‌ಡಿಪಿಇಯನ್ನು ಬಿಸಿಬಿಸಿ ಕೊಳವೆಯಾಗಿ ಯಂತ್ರದಿಂದ ಕೆಳಗೆ ಇಳಿಬಿಡುತ್ತಾರೆ. ಅದು ಗಾಳಿಯಲ್ಲಿ ತೂಗುತ್ತಿರುವಾಗಲೇ ಅಚ್ಚಿನ ಎರಡು ಹೋಳುಗಳು ಎರಡೂ ಕಡೆಯಿಂದ ಬಂದು ಮುಚ್ಚಿಕೊಳ್ಳುತ್ತವೆ, ಕೊಳವೆಯ ತಳವನ್ನು ಚಿವುಟಿ ಬೆಸೆಯುತ್ತವೆ, ಒಳಗೆ ಗಾಳಿ ತುಂಬುತ್ತದೆ. ತೂಗುವ ಕೊಳವೆ ತನ್ನ ಭಾರಕ್ಕೆ ತಾನೇ ಜೋತು ಹರಿಯಬಾರದು. ಅದಕ್ಕೇ ಇಲ್ಲಿ ಗಟ್ಟಿಯಾಗಿ ಹರಿಯುವ ರಾಳ ಬೇಕು. ಬಕೆಟ್ಟಿನದು ತದ್ವಿರುದ್ಧ. ಒಂದೇ ತೂತಿನಿಂದ ನುಗ್ಗಿ ಅಚ್ಚಿನ ಮೂಲೆಮೂಲೆಗೂ ಕೆಲವೇ ಸೆಕೆಂಡಿನಲ್ಲಿ ಹರಡಬೇಕು, ಆದ್ದರಿಂದ ತೆಳುವಾಗಿ ಹರಿಯುವ ರಾಳ. ಇದನ್ನು ಅಳೆಯಲು ಒಂದು ಪರೀಕ್ಷೆಯಿದೆ: 190 ಡಿಗ್ರಿಗೆ ಕಾಯಿಸಿ, 2.16 ಕಿಲೋ ಭಾರ ಹೇರಿ, ಸಣ್ಣ ತೂತಿನ ಮೂಲಕ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯಿತೆಂದು ತೂಗುತ್ತಾರೆ. ಕ್ಯಾನಿನ ರಾಳ ಅರ್ಧ ಗ್ರಾಂ ಕೂಡ ಇಳಿಯದಿರಬಹುದು. ಬಕೆಟ್ಟು, ಕ್ರೇಟುಗಳ ರಾಳ ಹತ್ತು ಗ್ರಾಮಿನ ಆಸುಪಾಸಿನಲ್ಲಿ ಇಳಿಯುವುದುಂಟು. ಅಕ್ಕಿ ಎರಡರಲ್ಲೂ ಇದ್ದರೂ ಇಡ್ಲಿ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಎಳೆಯಲಾಗದು, ನೀರುದೋಸೆಯ ಹಿಟ್ಟನ್ನು ಇಡ್ಲಿ ತಟ್ಟೆಗೆ ಹೊಯ್ಯಲಾಗದು. ಎರಡನ್ನೂ ಬೆರೆಸಿದರೆ ಎರಡಕ್ಕೂ ಆಗದು.

ತ್ರಿಕೋನದೊಳಗಿನ 2 ಇದರ ಸುಳಿವನ್ನೇ ಕೊಡುವುದಿಲ್ಲ. ತಳ ಕೊಡುತ್ತದೆ. ಕ್ಯಾನಿನ ತಳದಲ್ಲಿ ಅಡ್ಡಲಾಗಿ ಒಂದು ಗೆರೆ ಇರುತ್ತದೆ, ಬೆರಳಿಗೆ ತಾಕುವ ಹೊಲಿಗೆಯಂಥ ಗೆರೆ. ಅಚ್ಚು ಚಿವುಟಿದ ಗುರುತು ಅದು. ಶಾಂಪೂ ಬಾಟಲಿಯಲ್ಲೂ ಅದೇ ಗೆರೆ. ಬಕೆಟ್ಟಿನ ತಳದಲ್ಲಿ ಗೆರೆ ಇರುವುದಿಲ್ಲ, ನಡುವೆ ರಾಳ ನುಗ್ಗಿದ ಮೊಟಕು ಮೊಳೆ ಇರುತ್ತದೆ. ಗೆರೆ ಕಂಡರೆ ಊದಿದ್ದು, ಮೊಳೆ ಕಂಡರೆ ಒತ್ತಿದ್ದು. ಊದಿದ್ದಕ್ಕೆ ವಿಂಗಡಿಸುವವರ ಬಾಯಲ್ಲಿ ‘ಬಿಎಂ’ ಎಂಬ ಚುಟುಕು ಹೆಸರು ಬೇರೆ ಇದೆ. ಪಾಲಿಮರ್ ವಿಜ್ಞಾನದ ಪುಸ್ತಕ ತೆರೆಯದೆ, ಹರಿವಿನ ಪರೀಕ್ಷೆಯ ಹೆಸರು ಕೇಳದೆ, ಆ ಪರೀಕ್ಷೆಯ ಫಲಿತಾಂಶವನ್ನು ಬೆರಳಿನಿಂದ ಓದುವ ವಿದ್ಯೆ ಇದು. ಇದನ್ನು ಕಂಡುಹಿಡಿದವರು ಯಾರೋ, ಬೆಲೆಯ ವ್ಯತ್ಯಾಸವೇ ಗುರುವಾಗಿರಬೇಕು.

ಗಟ್ಟಿ ವಸ್ತುಗಳಿಗೆ ತಳವಿದೆ. ಕವರುಗಳಿಗೆ ತಳವೇ ಇಲ್ಲ, ಬಹಳ ಸಲ ಅಂಕಿಯೂ ಇರುವುದಿಲ್ಲ. ಇದ್ದರೂ ಹರಿದ ತುಂಡಿನಲ್ಲಿ ಉಳಿದಿರುವುದಿಲ್ಲ. ಅಲ್ಲಿ ಕಿವಿಯ ಕೆಲಸ. ಕವರನ್ನು ಮುಷ್ಟಿಯಲ್ಲಿ ಮುದುಡಿ ಬಿಡುತ್ತಾರೆ. ಸರಸರ ಎಂದರೆ ‘ಎಚ್‌ಎಂ’, ಅಂದರೆ ಎರಡನೇ ನಂಬರಿನ ತೆಳು ಹಾಳೆ. ಸದ್ದಿಲ್ಲದೆ ಮೆತ್ತಗೆ ಬಿಚ್ಚಿಕೊಂಡು, ಎಳೆದರೆ ಹರಿಯದೆ ಹಿಗ್ಗಿದರೆ ‘ಎಲ್‌ಡಿ’, ನಾಲ್ಕನೇ ನಂಬರು. ಗಾಜಿನಂತೆ ತಿಳಿಯಾಗಿದ್ದು, ಚಟಪಟ ಎಂದು, ಒಮ್ಮೆ ಅಂಚು ಬಿಟ್ಟರೆ ನೇರವಾಗಿ ಸೀಳಿಕೊಂಡು ಹೋಗುವುದು ಹೊಸ ಅಂಗಿಗೆ ಹಾಕಿಕೊಡುವ ಪಿಪಿ ಕವರು, ಐದನೇ ನಂಬರು.

ನಾಲ್ಕನೇ ನಂಬರಿನಲ್ಲಿ ಕರ್ನಾಟಕದ ಪ್ರತಿ ಮನೆಗೂ ಬರುವ ವಸ್ತು ಹಾಲಿನ ಕವರು. ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ಟಿನ ಹಾಳೆ ಎಲ್‌ಡಿಪಿಇ ಮತ್ತು ಅದರ ಹತ್ತಿರದ ನೆಂಟ ಎಲ್‌ಎಲ್‌ಡಿಪಿಇ ಬೆರೆತದ್ದು. ಎರಡೂ ಒಂದೇ ಮನೆತನ, ಒಟ್ಟಿಗೇ ಕರಗುತ್ತವೆ. ದಪ್ಪ ಒಂದೇ ಸಮ, ಬಣ್ಣ ಒಂದೇ ಸಮ, ಲಕ್ಷಾಂತರ ಒಂದೇ ಥರ. ಗುಜರಿಯವರಿಗೆ ಇದಕ್ಕಿಂತ ಒಳ್ಳೆಯ ಕವರು ಸಿಗುವುದಿಲ್ಲ, ಅದಕ್ಕೇ ಹಾಲಿನ ಕವರಿಗೆ ಯಾವಾಗಲೂ ಬೇರೆಯದೇ ಚೀಲ. ಒಂದೊಂದು ಎರಡರಿಂದ ಮೂರು ಗ್ರಾಂ ತೂಗುತ್ತದೆ, ಕಿಲೋ ಆಗಲು ಹತ್ತಿರ ಹತ್ತಿರ 400 ಕವರು ಬೇಕು. ದಿನಕ್ಕೊಂದರಂತೆ ಕೂಡಿಟ್ಟರೆ ವರ್ಷದ ಮೇಲೆ ಒಂದು ಕಿಲೋ.

ಆದರೆ ಇದರ ಶತ್ರು ನಮ್ಮ ಅಡುಗೆಮನೆಯಲ್ಲೇ ಇದ್ದಾನೆ. ತೊಳೆಯದೆ ಮುದುಡಿಟ್ಟ ಕವರಿನಲ್ಲಿ ಉಳಿದ ಹಾಲು ಎರಡೇ ದಿನಕ್ಕೆ ಹುಳಿತು ಜಿಡ್ಡಾಗುತ್ತದೆ. ಆ ಜಿಡ್ಡು ಹಾಳೆಗೆ ಅಂಟಿ, ಕರಗಿಸಿ ಗುಳಿಗೆ ಮಾಡಿದ ಮೇಲೂ ವಾಸನೆ ಬಿಡುವುದಿಲ್ಲ. ಒಂದು ಲೋಟ ನೀರಿನಲ್ಲಿ ಕುಲುಕಿ ಒಣಗಿಸಿದರೆ ಸಾಕು, ಸೋಪು ಬೇಕಿಲ್ಲ. ಇನ್ನೊಂದು, ಮೂಲೆ ಕತ್ತರಿಸುವ ಅಭ್ಯಾಸ. ಕತ್ತರಿಸಿದ ತ್ರಿಕೋನದ ಚೂರು ಯಾವ ಕೈಗೂ ಸಿಗದು. ಅದು ಗುಡಿಸಿದ ಕಸದಲ್ಲಿ ಸೇರಿ ಮಣ್ಣಿಗೋ ಚರಂಡಿಗೋ ಹೋಗುತ್ತದೆ. ಸೀಳು ಹಾಕಿ ಚೂರನ್ನು ಕವರಿಗೇ ಅಂಟಿಕೊಂಡಿರುವಂತೆ ಬಿಟ್ಟರೆ ಅದೂ ಜೊತೆಗೆ ಬರುತ್ತದೆ. ಹಾಲಿನ ಕವರು ಮತ್ತೆ ಹಾಲಿನ ಕವರಾಗುವುದಿಲ್ಲ. ಅಚ್ಚಿನ ಬಣ್ಣವೆಲ್ಲ ಕರಗಿ ಬೂದುಬಣ್ಣಕ್ಕೆ ತಿರುಗುವುದರಿಂದ ಕಪ್ಪು ಕಸದ ಚೀಲ, ತೋಟದ ನೀರಿನ ಪೈಪು, ಇಂಥವಾಗುತ್ತದೆ.

ಐದನೇ ನಂಬರನ್ನು ಕೊಳ್ಳುವವರಿಗೆ ಬರವಿಲ್ಲ. ಹೋಟೆಲಿನಿಂದ ಊಟ ತರುವ ಡಬ್ಬಿ, ಅಕ್ಕಿಯ ನೇಯ್ದ ಚೀಲ, ಕುರ್ಚಿ, ಕುಂಡ ಎಲ್ಲ ಪಾಲಿಪ್ರೊಪಿಲೀನ್, ಅದರಿಂದ ಮತ್ತೆ ಕುರ್ಚಿ, ಕುಂಡ ಆಗುತ್ತವೆ. ತೊಡಕು ಬರುವುದು ಮೊಸರು, ಐಸ್‌ಕ್ರೀಮಿನ ಕಪ್ಪುಗಳಲ್ಲಿ. ಒಂದೇ ಅಳತೆ, ಒಂದೇ ಬಿಳುಪಿನ ಕಪ್ಪು ಒಬ್ಬರದು ಐದು, ಇನ್ನೊಬ್ಬರದು ಆರು. ಇಲ್ಲಿ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಾಗಿ ಮತ್ತೆ ನೆಟ್ಟಗಾದರೆ ಐದು. ‘ಟಕ್’ ಎಂದು ಮುರಿದು, ಮುರಿದ ಜಾಗ ಬೆಳ್ಳಗಾದರೆ ಆರು, ಪಾಲಿಸ್ಟೈರೀನ್. ಇವೆರಡನ್ನು ಬೆರೆಸಿ ಕರಗಿಸಿದರೆ ಪದರಪದರವಾಗಿ ಬಿಟ್ಟುಕೊಳ್ಳುವ ನಿಶ್ಶಕ್ತ ಗುಳಿಗೆ ಬರುತ್ತದೆ. ಅನುಮಾನ ಉಳಿದರೆ ನೀರಿಗೆ ಹಾಕಬಹುದು; ಪಾಲಿಪ್ರೊಪಿಲೀನ್ ತೇಲುತ್ತದೆ, ಪಾಲಿಸ್ಟೈರೀನ್ ನೀರಿಗಿಂತ ಕೂದಲೆಳೆಯಷ್ಟು ಭಾರವಾದ್ದರಿಂದ ನಿಧಾನವಾಗಿ ಮುಳುಗುತ್ತದೆ. ಉಪ್ಪು ಚೆನ್ನಾಗಿ ಕರಗಿಸಿದ ನೀರಿನಲ್ಲಿ ಅದೂ ತೇಲುತ್ತದೆ, ಪೆಟ್ ಮತ್ತು ಪಿವಿಸಿ ಮಾತ್ರ ಅಲ್ಲೂ ಮುಳುಗುತ್ತವೆ.

ಥರ್ಮೊಕೋಲ್ ಕೂಡ ಆರನೇ ನಂಬರೇ. ಅದನ್ನು ಬಹುತೇಕ ಯಾರೂ ತೆಗೆದುಕೊಳ್ಳದಿರಲು ರಸಾಯನಶಾಸ್ತ್ರ ಕಾರಣವಲ್ಲ, ಲಾರಿ ಬಾಡಿಗೆ ಕಾರಣ. ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿ. ಒಂದು ಘನ ಮೀಟರ್ ಥರ್ಮೊಕೋಲ್ 20 ಕಿಲೋ ತೂಗಿದರೆ ಹೆಚ್ಚು. ಲಾರಿ ತುಂಬಿದರೂ ತಕ್ಕಡಿ ಏಳುವುದಿಲ್ಲ. ಅದನ್ನು ಬಿಸಿಯಲ್ಲಿ ಕುಗ್ಗಿಸಿ ಇಟ್ಟಿಗೆ ಮಾಡುವ ಯಂತ್ರ ಇರುವ ಕಡೆ ಅದೇ ವಸ್ತುವಿಗೆ ಬೆಲೆ ಬರುತ್ತದೆ, ಫೋಟೋ ಫ್ರೇಮಿನ ಪಟ್ಟಿಗಳಾಗುತ್ತದೆ. ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಪ್ರಶ್ನೆಗೆ ಊರೂರಿಗೆ ಉತ್ತರ ಬದಲಾಗುವುದು ಹೀಗೆ.

ಮೂರನೇ ನಂಬರಿನ ಪೈಪು, ಕೇಬಲ್ಲಿನ ಹೊದಿಕೆಗಳಿಗೆ ಅವುಗಳದೇ ಬೇರೆ ಗಿರಾಕಿಗಳಿದ್ದಾರೆ. ಬಾಟಲಿಯ ರಾಶಿಯಲ್ಲಿ ಮಾತ್ರ ಅದು ಶಾಪ. ಮಾತ್ರೆಯ ಪಟ್ಟಿಯಲ್ಲಿ ಗುಳಿಗುಳಿಯ ಪಾರದರ್ಶಕ ಭಾಗ ಹೆಚ್ಚಾಗಿ ಪಿವಿಸಿ, ಹಿಂದಿನದು ಅಲ್ಯೂಮಿನಿಯಂ. ಎರಡೂ ಬಿಗಿಯಾಗಿ ಅಂಟಿರುವುದರಿಂದ ಎರಡಕ್ಕೂ ಬೆಲೆ ಇಲ್ಲ.

ಏಳನೆಯದರಲ್ಲಿ ರಾಜನೂ ಇದ್ದಾನೆ, ತಿರುಕನೂ ಇದ್ದಾನೆ. ಮನೆಗೆ ನೀರು ತರುವ 20 ಲೀಟರಿನ ನೀಲಿ ಕ್ಯಾನುಗಳಲ್ಲಿ ಹಲವು ಪಾಲಿಕಾರ್ಬೊನೇಟಿನವು. ತಟ್ಟಿದರೆ ಗಟ್ಟಿ ನಾದ, ತಳದಲ್ಲಿ 7, ಪಕ್ಕದಲ್ಲಿ ‘ಪಿಸಿ’. ಒಡೆದ ಕ್ಯಾನಿಗೂ ಒಳ್ಳೆಯ ದರ. ಚಿಪ್ಸಿನ ಪ್ಯಾಕೆಟ್ಟಿನ ಬೆನ್ನಿಗೂ ಅದೇ 7. ಅಲ್ಲಿ ಪಾಲಿಪ್ರೊಪಿಲೀನ್, ಪೆಟ್, ಪಾಲಿಥೀನ್‌ಗಳ ಪದರಗಳನ್ನು ಬೇರೆ ಬೇರೆ ಲೆಕ್ಕದಲ್ಲಿ ಕೂಡಿಸಿ, ನಡುವೆ ಕಣ್ಣಿಗೆ ಕಾಣದಷ್ಟು ತೆಳು ಅಲ್ಯೂಮಿನಿಯಂ ಹೊಗೆಯಾಡಿಸಿರುತ್ತಾರೆ. ಮುದುಡಿ ಬಿಟ್ಟರೆ ಸಿಡಿದು ಮತ್ತೆ ಬಿಚ್ಚಿಕೊಳ್ಳುತ್ತದೆ, ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಪದರಗಳನ್ನು ಬಿಡಿಸಲು ಆಗುವ ಖರ್ಚಿನ ಮುಂದೆ ಸಿಗುವ ರಾಳದ ಬೆಲೆ ಏನೂ ಅಲ್ಲ. ಅದು ‘ಕಡಿಮೆ ಬೆಲೆಯ ಪ್ಲಾಸ್ಟಿಕ್’ ಎಂಬ ಚೀಲಕ್ಕೆ ಬಿದ್ದು, ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಜೊತೆ ಉರುವಲಾಗಿ ಹೋಗುತ್ತದೆ. ಅದನ್ನು ಮರುಬಳಕೆ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆ, ಗುಳಿಗೆ ಮಾಡುವವರ ಗಲ್ಲಿಗಳಲ್ಲಿ, ಇನ್ನೊಂದು ಪರೀಕ್ಷೆ ನಡೆಯುತ್ತದೆ. ಎಲ್ಲ ಉಪಾಯ ಸೋತಾಗ ಚೂರಿನ ತುದಿಗೆ ಲೈಟರ್ ಹಿಡಿಯುತ್ತಾರೆ. ಪಾಲಿಥೀನ್ ಬುಡದಲ್ಲಿ ನೀಲಿ ಜ್ವಾಲೆಯೊಂದಿಗೆ ಉರಿದು ತೊಟ್ಟಿಕ್ಕುತ್ತದೆ, ಆರಿಸಿದರೆ ಆರಿದ ಮೇಣದಬತ್ತಿಯ ವಾಸನೆ. ಪಾಲಿಸ್ಟೈರೀನ್ ದಟ್ಟ ಕಪ್ಪು ಮಸಿ ಹಾರಿಸುತ್ತದೆ. ಪಿವಿಸಿಯ ಜ್ವಾಲೆಯ ಅಂಚು ಹಸಿರು, ಬೆಂಕಿ ತೆಗೆದ ಕೂಡಲೇ ತಾನೇ ಆರುತ್ತದೆ, ಮೂಗು ಗಂಟಲು ಕಿತ್ತು ಬರುವ ಘಾಟು. ಆ ಘಾಟು ಆಮ್ಲದ್ದು, ಒಳ್ಳೆಯದಲ್ಲ. ಮನೆಯಲ್ಲಿ ಇದನ್ನು ಮಾಡಿ ನೋಡಬಾರದು. ದಿನವಿಡೀ ಮೂಸಿ ಮೂಸಿ ಹೇಳುವವರ ಪುಪ್ಪುಸದ ಲೆಕ್ಕ ಯಾರೂ ಇಟ್ಟಿಲ್ಲ ಎಂಬುದನ್ನು ಮೆಚ್ಚುಗೆಯ ಭರದಲ್ಲಿ ಮರೆಯುವಂತಿಲ್ಲ.

ದೊಡ್ಡ ಘಟಕಗಳಲ್ಲಿ ಈ ಕೆಲಸಕ್ಕೆ ಅವಕೆಂಪು ಬೆಳಕಿನ ಯಂತ್ರಗಳಿವೆ. ಪಟ್ಟಿಯ ಮೇಲೆ ಓಡುವ ವಸ್ತುವಿನಿಂದ ಮರಳಿದ ಬೆಳಕಿನಲ್ಲಿ ಯಾವ ಅಲೆಗಳು ಕಾಣೆಯಾದವು ಎಂಬುದರಿಂದ ರಾಳವನ್ನು ಗುರುತಿಸಿ, ಗಾಳಿಯ ಹೊಡೆತದಿಂದ ಆಚೆ ತಳ್ಳುತ್ತವೆ. ಅವೂ ಅಂಕಿ ಓದುವುದಿಲ್ಲ. ಕಪ್ಪು ಡಬ್ಬಿ ಬಂದರೆ ಅವು ಕುರುಡು, ಯಾಕೆಂದರೆ ಕಪ್ಪಿಗೆ ಬೆರೆಸಿದ ಇದ್ದಲಪುಡಿ ಆ ಬೆಳಕನ್ನೆಲ್ಲ ನುಂಗುತ್ತದೆ. ಕೈಗೆ ಆ ತೊಂದರೆಯಿಲ್ಲ; ಕಪ್ಪು ಡಬ್ಬಿಯೂ ಬಾಗುತ್ತದೆ ಅಥವಾ ಮುರಿಯುತ್ತದೆ, ಅದರ ತಳದಲ್ಲೂ ಗೆರೆಯೋ ಮೊಳೆಯೋ ಇರುತ್ತದೆ. ಕೈ ಸೋಲುವುದು ಒಳಗೆ ಅಡಗಿದ ಪದರದ ಮುಂದೆ. ಕೆಲವು ಪೆಟ್ ಬಾಟಲಿಗಳ ಗೋಡೆಯ ನಡುವೆ, ಒಳಗಿನ ಪಾನೀಯ ಕೆಡದಿರಲೆಂದು, ನೈಲಾನಿನ ತೆಳು ಪದರ ಇರುತ್ತದೆ. ನೋಟಕ್ಕೂ ಸ್ಪರ್ಶಕ್ಕೂ ಅದು ಸಿಗದು, ತಳದ ಉಬ್ಬೂ ಹಾಗೇ ಇರುತ್ತದೆ. ಗೊತ್ತಾಗುವುದು ಕರಗಿಸಿದ ಮೇಲೆ, ಮಾಲು ಹಳದಿಗೆ ತಿರುಗಿದಾಗ.

ಹೀಗಾಗಿ ಮನೆಯಲ್ಲಿ ಚೀಲ ತುಂಬುವವರು ಅಂಕಿಯನ್ನು ಓದುವುದಾದರೆ ಹೀಗೆ ಓದಬಹುದು. ಒಂದನೇ ನಂಬರು ಬಾಟಲಿಯ ಮೇಲಿದ್ದರೆ ಹೋಗುತ್ತದೆ, ಟ್ರೇಯ ಮೇಲಿದ್ದರೆ ಅನುಮಾನ. ಎರಡು ಮತ್ತು ಐದು ಗಟ್ಟಿ ವಸ್ತುವಾಗಿದ್ದರೆ ನಿಸ್ಸಂದೇಹ. ನಾಲ್ಕು ತೊಳೆದು ಒಣಗಿದ್ದರೆ ಮಾತ್ರ. ಮೂರು, ಆರು, ಏಳಕ್ಕೆ ನಿಮ್ಮ ಊರಿನ ಗುಜರಿ ಅಂಗಡಿಯವರನ್ನೇ ಕೇಳಬೇಕು. ಮುಚ್ಚಳವನ್ನು ಬಾಟಲಿಗೇ ತಿರುಗಿಸಿ ಬಿಡಿ, ಬಿಡಿಯಾಗಿ ಹಾಕಿದರೆ ರಾಶಿಯ ಸಂದಿಯಲ್ಲಿ ಕಳೆದುಹೋಗುತ್ತದೆ, ತೊಟ್ಟಿಯ ನೀರು ಅದನ್ನು ಹೇಗೂ ಬೇರೆ ಮಾಡುತ್ತದೆ. ಮೈತುಂಬ ಬಿಗಿದ ತೋಳಂಗಿ ಇದ್ದರೆ ಅದನ್ನು ಮಾತ್ರ ಚಾಕುವಿನಿಂದ ಸೀಳಿ ತೆಗೆದು ಬೇರೆ ಹಾಕಿ.